ಪಾಡ್‌ಕಾಸ್ಟ್: ಇಡೀ ಕಂಪನಿ ಕೂತು ಬಗ್ ಹುಡುಕುವ ದಿನ – ಎರಡು ಗಂಟೆಯ ಆಟ, ಎರಡು ವಾರದ ಕೆಲಸ

ಹೊಸ ಆ್ಯಪ್ ಅಥವಾ ಆ್ಯಪ್‌ನ ಹೊಸ ಸೌಲಭ್ಯವೊಂದು ಗ್ರಾಹಕರ ಕೈ ಸೇರುವ ಮೊದಲು ಕಂಪನಿಯ ಎಲ್ಲರೂ ತಮ್ಮ ಕೆಲಸ ಬದಿಗಿಟ್ಟು, ಒಟ್ಟಿಗೆ ಕೂತು ಅದನ್ನು ಬಳಸಿ ನೋಡುತ್ತಾರೆ. ಎಲ್ಲಿ ತಪ್ಪುತ್ತದೆ ಎಂದು ಹುಡುಕುತ್ತಾರೆ. ಸಾಫ್ಟ್‌ವೇರ್ ಲೋಕದಲ್ಲಿ ಇದಕ್ಕೆ ‘ಬಗ್ ಬ್ಯಾಶ್’ ಎಂದು ಹೆಸರು. ಪಿಜ್ಜಾ, ಬಹುಮಾನ, ಗಲಾಟೆ ಎಲ್ಲ ಇರುವ ಈ ಕಾರ್ಯಕ್ರಮ ನಿಜಕ್ಕೂ ಉಪಯೋಗಕ್ಕೆ ಬರಬೇಕಾದರೆ ಏನು ಮಾಡಬೇಕು? ಬಸ್ ಟಿಕೆಟ್ ಬುಕಿಂಗ್ ಆ್ಯಪ್ ನಡೆಸುವ ಬೆಂಗಳೂರಿನ ಕಂಪನಿಯೊಂದರಲ್ಲಿ ಟೆಸ್ಟಿಂಗ್ ತಂಡದ ಮುಖ್ಯಸ್ಥೆಯಾಗಿರುವವರು ಈ ಸಂಚಿಕೆಯ ಅತಿಥಿ. ಅವರ ಕೋರಿಕೆಯಂತೆ ಅವರ ಮತ್ತು ಕಂಪನಿಯ ಹೆಸರನ್ನು ಇಲ್ಲಿ ಹೇಳಿಲ್ಲ. ಮಾತುಕತೆಯ ಅಕ್ಷರರೂಪ ಇಲ್ಲಿದೆ.

ನಿರೂಪಕಿ: ನಿಮ್ಮ ಮೊದಲನೇ ಬಗ್ ಬ್ಯಾಶ್ ಕೆಟ್ಟಿತು ಅಂತ ಫೋನಿನಲ್ಲಿ ಹೇಳಿದ್ರಿ. ಅಲ್ಲಿಂದಲೇ ಶುರು ಮಾಡೋಣ್ವಾ?

ಅತಿಥಿ: ಆ ದಿನ ಎಲ್ಲರೂ ಚಪ್ಪಾಳೆ ತಟ್ಟಿದ್ರು, ಕೆಟ್ಟಿದೆ ಅಂತ ಯಾರಿಗೂ ಗೊತ್ತಾಗ್ಲಿಲ್ಲ. ಅದು ಗೊತ್ತಾಗಿದ್ದು ಏಳು ವಾರ ಆದ ಮೇಲೆ.

ಆಗ ನಾವು ಹೊಸದಾಗಿ ಒಂದು ಸೌಲಭ್ಯ ತರ್ತಾ ಇದ್ವಿ. ಒಂದೇ ಬುಕಿಂಗ್‌ನಲ್ಲಿ ನಾಲ್ಕು ಸೀಟು ಇದ್ರೆ, ಅದರಲ್ಲಿ ಒಬ್ಬರದ್ದು ಮಾತ್ರ ರದ್ದು ಮಾಡೋದು. ಮೊದಲು ಪೂರ್ತಿ ಟಿಕೆಟ್ ರದ್ದು ಮಾಡ್ಬೇಕಿತ್ತು. ರಿಲೀಸ್‌ಗೆ ಎರಡು ದಿನ ಮುಂಚೆ ಇಡೀ ಕಂಪನಿ, ಹತ್ತಿರ ಹತ್ತಿರ 150 ಜನ, ಕೂತು ಎರಡು ಗಂಟೆ ಹುಡುಕಿದ್ವಿ. 312 ವರದಿ ಬಂತು. ಒಂದು ವರದಿಗೆ ಒಂದು ಅಂಕ. ಜಾಸ್ತಿ ಅಂಕ ತಗೊಂಡವರಿಗೆ ಹೆಡ್‌ಫೋನ್ ಬಹುಮಾನ. 312 ಅಂದ ತಕ್ಷಣ ಎಲ್ಲರಿಗೂ ಖುಷಿ.

ಅದರಲ್ಲಿ ಒಂದು ವರದಿ ನಮ್ಮ ಕಸ್ಟಮರ್ ಸಪೋರ್ಟ್‌ನಲ್ಲಿ ಫೋನ್ ತಗೊಳ್ಳೋ ಹುಡುಗಿಯದ್ದು. ಆಕೆ ಬರೆದಿದ್ದು ಒಂದೇ ಸಾಲು: ‘ಒಂದು ಸೀಟು ಕ್ಯಾನ್ಸಲ್ ಮಾಡಿದೆ, ರೀಫಂಡ್ ಕಡಿಮೆ ಬಂತು.’ ಒಬ್ಬ ಡೆವಲಪರ್ ಅದನ್ನ ನೋಡಿ, ತಾನೂ ಒಂದು ಸೀಟು ರದ್ದು ಮಾಡಿ ನೋಡಿದ. ಲೆಕ್ಕ ಸರಿಯಾಗೇ ಬಂತು. ‘ನನಗೆ ಹಾಗಾಗ್ತಿಲ್ಲ’ ಅಂತ ಬರೆದು ವರದಿಯನ್ನ ಕ್ಲೋಸ್ ಮಾಡಿದ. ಆಕೆಯನ್ನ ಯಾರೂ ಏನೂ ಕೇಳ್ಲಿಲ್ಲ.

ನಿರೂಪಕಿ: ಆದರೆ ಆಕೆ ಹೇಳಿದ್ದು ನಿಜವಾಗಿತ್ತು.

ಅತಿಥಿ: ನೂರಕ್ಕೆ ನೂರು. ಆಕೆ ಬುಕ್ ಮಾಡುವಾಗ ಕೂಪನ್ ಹಾಕಿದ್ದಳು, ಆ ಡೆವಲಪರ್ ಹಾಕಿರ್ಲಿಲ್ಲ. ವ್ಯತ್ಯಾಸ ಅಷ್ಟೇ.

ಲೆಕ್ಕ ಹೇಳ್ತೀನಿ ನೋಡಿ. ನಾಲ್ಕು ಸೀಟು, ಒಂದಕ್ಕೆ 900 ರೂಪಾಯಿ, ಒಟ್ಟು 3,600. ಕೂಪನ್‌ನಿಂದ 400 ಕಡಿಮೆ. ಗ್ರಾಹಕರು ಕೊಟ್ಟಿದ್ದು 3,200. ಈಗ ಒಂದು ಸೀಟು ರದ್ದು ಮಾಡಿದ್ರೆ, ಆ ಸೀಟಿನ ಪಾಲಿಗೆ ಬಂದ ಕೂಪನ್ 100 ರೂಪಾಯಿ ಕಳೆದು, ಉಳಿದ 800ರಲ್ಲಿ ಹತ್ತು ಪರ್ಸೆಂಟ್ ರದ್ದು ಶುಲ್ಕ ಹಿಡಿದು 720 ವಾಪಸ್ ಬರಬೇಕು. ನಮ್ಮ ಆ್ಯಪ್ ಆ ಒಂದು ಸೀಟಿನಿಂದಲೇ ಪೂರ್ತಿ 400 ಕಳೀತಾ ಇತ್ತು. 500ರಲ್ಲಿ ಶುಲ್ಕ 50 ಹೋಗಿ 450 ಮಾತ್ರ ಬರ್ತಿತ್ತು. ಒಂದು ಸೀಟಿಗೆ 270 ರೂಪಾಯಿ ಗ್ರಾಹಕರಿಗೆ ಖೋತಾ. ನಾಲ್ಕು ಸೀಟನ್ನೂ ಒಂದೊಂದಾಗಿ ರದ್ದು ಮಾಡಿದವರಿಗೆ 1,080 ರೂಪಾಯಿ ಖೋತಾ. ಹಬ್ಬದ ರಜೆ ಸಮಯ, ಕೂಪನ್ ಜೋರಾಗಿ ಓಡ್ತಿತ್ತು. ಜನ ಫೋನ್ ಮಾಡಿ ಬೈದಿದ್ದು ಯಾರಿಗೆ? ಅದೇ ಸಪೋರ್ಟ್ ಹುಡುಗಿಗೆ. ಆಕೆ ನನ್ನ ಹತ್ರ ಬಂದು, ‘ಮೇಡಂ, ನಾನು ಇದನ್ನ ಅವತ್ತೇ ಬರೆದಿದ್ದೆ’ ಅಂದ್ಲು. ಹುಡುಕಿ ನೋಡಿದ್ರೆ, ಹೌದು, ಬರೆದಿದ್ಲು.

ವ್ಯಾಪ್ತಿ: ಒಂದೇ ಪ್ರಶ್ನೆ

ನಿರೂಪಕಿ: ಹಾಗಾದ್ರೆ ಎರಡನೇ ಸಲ ಏನು ಬದಲಾಯಿಸಿದ್ರಿ?

ಅತಿಥಿ: ಮೊದಲು ದಿನಾಂಕ. ರಿಲೀಸ್‌ಗೆ ಎರಡು ದಿನ ಇರುವಾಗ ಬಗ್ ಹುಡುಕಿದ್ರೆ ಸಿಕ್ಕಿದ್ದನ್ನ ಸರಿಪಡಿಸೋಕೆ ಸಮಯ ಎಲ್ಲಿದೆ? ಹಾಗಾಗಿ ರಿಲೀಸ್‌ಗೆ ಹತ್ತು ಕೆಲಸದ ದಿನ ಮುಂಚೆ ಇಟ್ವಿ. ಅದಕ್ಕಿಂತ ತುಂಬಾ ಮುಂಚೆಯೂ ಬೇಡ. ಅರ್ಧ ಆದ ಕೆಲಸ ತೋರಿಸಿದ್ರೆ ‘ಇದು ಇನ್ನೂ ಆಗಿಲ್ಲ, ಅದು ಇನ್ನೂ ಆಗಿಲ್ಲ’ ಅನ್ನೋ ವರದಿಗಳೇ ಬರ್ತವೆ.

ಆಮೇಲೆ ವ್ಯಾಪ್ತಿ. ಮೊದಲ ಸಲ ‘ಆ್ಯಪ್ ಟೆಸ್ಟ್ ಮಾಡಿ’ ಅಂದಿದ್ವಿ. ಜನ ಏನು ಮಾಡಿದ್ರು? ಎಲ್ಲರೂ ಲಾಗಿನ್ ಪುಟದಿಂದ ಶುರು ಮಾಡಿದ್ರು, ಎಲ್ಲರಿಗೂ ಅದೇ ನಾಲ್ಕು ತಪ್ಪು ಕಂಡ್ವು. ಎರಡನೇ ಸಲ ವ್ಯಾಪ್ತಿಯನ್ನ ಒಂದೇ ಪ್ರಶ್ನೆಯಾಗಿ ಬರೆದ್ವಿ. ಆಗ ಬರ್ತಾ ಇದ್ದ ಸೌಲಭ್ಯ ಪ್ರಯಾಣದ ದಿನಾಂಕ ಬದಲಾವಣೆ. ಪ್ರಶ್ನೆ ಹೀಗಿತ್ತು: ‘ಟಿಕೆಟ್ ತಗೊಂಡವರು ದಿನಾಂಕ ಬದಲಾಯಿಸಿ, ಸರಿಯಾದ ದುಡ್ಡು ಕೊಟ್ಟು ಅಥವಾ ವಾಪಸ್ ಪಡೆದು, ಹೊಸ ಟಿಕೆಟ್ ಹಿಡಿದು ಬಸ್ ಹತ್ತಬಹುದಾ?’ ಇದಕ್ಕೆ ಸಂಬಂಧ ಇಲ್ಲದ್ದು ಅವತ್ತು ಬೇಡ. ಅದರ ಕೆಳಗೇ, ನಮಗೆ ಮೊದಲೇ ಗೊತ್ತಿರೋ ತಪ್ಪುಗಳ ಪಟ್ಟಿ ಹಾಕಿದ್ವಿ. ಅದಿಲ್ಲದಿದ್ರೆ ಗೊತ್ತಿರೋದನ್ನೇ ಮತ್ತೆ ಮತ್ತೆ ಬರೀತಾರೆ.

ಐದೈದು ಜನರ 30 ಗುಂಪು ಮಾಡಿ, ಪ್ರತಿ ಗುಂಪಿಗೂ ಒಂದೊಂದು ಚೀಟಿ ಕೊಟ್ವಿ. ಚೀಟಿಯಲ್ಲಿ ಒಂದು ಕಥೆ. ಉದಾಹರಣೆಗೆ, ‘ನಿಮ್ಮದು ನಾಲ್ಕು ಜನರ ಕುಟುಂಬ, ಕೂಪನ್ ಹಾಕಿ ಹುಬ್ಬಳ್ಳಿಗೆ ಬುಕ್ ಮಾಡಿದ್ದೀರಿ. ಅಜ್ಜಿ ಮಾತ್ರ ಎರಡು ದಿನ ಬಿಟ್ಟು ಬರ್ತಾರಂತೆ.’ ಇನ್ನೊಂದು, ‘ದಿನಾಂಕ ಬದಲಾಯಿಸಿ ದುಡ್ಡು ಕಟ್ಟೋ ಹೊತ್ತಿಗೆ ಇಂಟರ್ನೆಟ್ ಹೋಯ್ತು.’ ಕಥೆ ಕೊಟ್ಟರೆ ಟೆಸ್ಟಿಂಗ್ ಗೊತ್ತಿಲ್ಲದವರಿಗೂ ಎಲ್ಲಿಂದ ಶುರು ಮಾಡೋದು ಅಂತ ತಿಳಿಯುತ್ತೆ, 30 ಗುಂಪೂ 30 ದಿಕ್ಕಿಗೆ ಹೋಗ್ತವೆ.

ನಿರೂಪಕಿ: ಇದನ್ನೆಲ್ಲ ನಿಜವಾದ ಆ್ಯಪ್‌ನಲ್ಲೇ ಮಾಡ್ತೀರಾ?

ಅತಿಥಿ: ಇಲ್ಲ ಇಲ್ಲ. ಪರೀಕ್ಷೆಗಂತಲೇ ಬೇರೆ ಸರ್ವರ್ ಇರುತ್ತೆ, ಅದಕ್ಕೆ ಸ್ಟೇಜಿಂಗ್ ಅಂತೀವಿ. ದುಡ್ಡು ಕಟ್ಟೋದು ಕೂಡ ಪರೀಕ್ಷಾ ಪೇಮೆಂಟ್ ಗೇಟ್‌ವೇಯಲ್ಲಿ, ನಿಜವಾದ ಹಣ ಓಡಾಡಲ್ಲ. ಗ್ರಾಹಕರ ನಿಜವಾದ ಹೆಸರು, ನಂಬರ್ ಯಾವುದೂ ಅಲ್ಲಿರಬಾರದು.

ಇಲ್ಲಿ ಎಲ್ಲರೂ ಎಡವೋ ಮೂರು ಜಾಗ ಹೇಳ್ತೀನಿ. ಒಂದು, ಖಾತೆಗಳು. ಹತ್ತು ಜನಕ್ಕೆ ಒಂದೇ ಟೆಸ್ಟ್ ಖಾತೆ ಕೊಟ್ರೆ, ಒಬ್ಬರು ರದ್ದು ಮಾಡಿದ ಟಿಕೆಟ್ ಇನ್ನೊಬ್ಬರ ಫೋನಲ್ಲಿ ಮಾಯ ಆಗುತ್ತೆ. ಅವರು ‘ಟಿಕೆಟ್ ಕಾಣೆಯಾಗಿದೆ’ ಅಂತ ವರದಿ ಹಾಕ್ತಾರೆ. ಅದು ಬಗ್ಗೇ ಅಲ್ಲ. ಹಾಗಾಗಿ ಒಬ್ಬೊಬ್ಬರಿಗೂ ಬೇರೆ ಖಾತೆ, ಅದರಲ್ಲಿ ಮೊದಲೇ ಮಾಡಿಟ್ಟ ಮೂರು ನಾಲ್ಕು ಬುಕಿಂಗ್. ಎರಡನೇದು ಒಟಿಪಿ. 150 ಜನ ಒಂದೇ ಸಲ ಲಾಗಿನ್ ಆದ್ರೆ ಎಸ್‌ಎಂಎಸ್ ಮಿತಿ ಮುಗಿದು ಅರ್ಧ ಜನ ಹೊರಗೇ ನಿಲ್ತಾರೆ. ಟೆಸ್ಟ್ ನಂಬರ್‌ಗಳಿಗೆ ಒಂದೇ ನಿಗದಿ ಒಟಿಪಿ ಇಟ್ಟುಬಿಡೋದು, ಸ್ಟೇಜಿಂಗ್‌ನಲ್ಲಿ ಮಾತ್ರ. ಮೂರನೇದು ವೇಗ. ಸ್ಟೇಜಿಂಗ್ ಸರ್ವರ್ ಹತ್ತು ಹದಿನೈದು ಜನಕ್ಕಂತ ಇರುತ್ತೆ. ಒಂದೋ ಅವತ್ತಿನ ಮಟ್ಟಿಗೆ ಅದನ್ನ ದೊಡ್ಡದು ಮಾಡಿ, ಇಲ್ಲಾಂದ್ರೆ ‘ನಿಧಾನ ಆಗ್ತಿದೆ ಅನ್ನೋ ವರದಿ ಬೇಡ’ ಅಂತ ಮೊದಲೇ ಹೇಳಿ.

ಹಿಂದಿನ ದಿನ ಸಂಜೆಗೆ ಬಿಲ್ಡ್ ಮುಟ್ಟೋ ಹಾಗಿಲ್ಲ. ಡೆವಲಪರ್‌ಗಳು ಮಧ್ಯದಲ್ಲಿ ಏನಾದ್ರೂ ಬದಲಾಯಿಸಿದ್ರೆ, ಹತ್ತೂವರೆಗೆ ಕಂಡ ತಪ್ಪು ಹನ್ನೊಂದಕ್ಕೆ ಇರಲ್ಲ. ಯಾರು ನೋಡಿದ್ದು ಯಾವುದು ಅಂತ ಗೊತ್ತೇ ಆಗಲ್ಲ.

ಪಾತ್ರಗಳು: ಯಾರು ಏನು ಮಾಡಬೇಕು, ಏನು ಮಾಡಬಾರದು

ನಿರೂಪಕಿ: 150 ಜನರನ್ನ ಸಂಭಾಳಿಸೋಕೆ ಎಷ್ಟು ಜನ ಬೇಕು?

ಅತಿಥಿ: ಇಡೀ ದಿನದ ಹೊಣೆ ಒಬ್ಬರದ್ದೇ ಇರಬೇಕು. ನಮ್ಮಲ್ಲಿ ಅದು ನಾನು. ಮೂರು ಗುಂಪಿಗೆ ಒಬ್ಬರಂತೆ ಹತ್ತು ಜನ ಸಹಾಯಕರು, ಇವರು ನಮ್ಮ ಟೆಸ್ಟಿಂಗ್ ತಂಡದವರು. ಇವರು ಅವತ್ತು ಬಗ್ ಹುಡುಕಲ್ಲ. ಗುಂಪುಗಳ ಮಧ್ಯೆ ಓಡಾಡ್ತಾ ವರದಿ ಬರೆಯೋಕೆ ಸಹಾಯ ಮಾಡ್ತಾರೆ. ಮೊದಲ ಸಲದ ಪಾಠ ಇದೇ. ಆ ಹುಡುಗಿ ಪಕ್ಕದಲ್ಲಿ ಒಬ್ಬರು ನಿಂತು ‘ಟಿಕೆಟ್ ಹೇಗೆ ಬುಕ್ ಮಾಡಿದ್ರಿ?’ ಅಂತ ಒಂದು ಪ್ರಶ್ನೆ ಕೇಳಿದ್ದರೆ ಕೂಪನ್ ವಿಷಯ ಆಚೆ ಬರ್ತಿತ್ತು.

ವರದಿಯಲ್ಲಿ ಮೂರೇ ಪ್ರಶ್ನೆ: ಏನು ಮಾಡಿದ್ರಿ? ಏನಾಗುತ್ತೆ ಅಂದ್ಕೊಂಡಿದ್ರಿ? ಏನಾಯ್ತು? ಜೊತೆಗೆ ಬುಕಿಂಗ್ ನಂಬರ್, ಒಂದು ಸ್ಕ್ರೀನ್‌ಶಾಟ್. ಬುಕಿಂಗ್ ನಂಬರ್ ಇದ್ರೆ ಕೂಪನ್ ಇತ್ತಾ ಇಲ್ವಾ ಅಂತ ನಾವೇ ನೋಡ್ಕೋಬಹುದು. ಇಂಗ್ಲಿಷಲ್ಲೇ ಬರೀಬೇಕು ಅನ್ನೋದನ್ನೂ ತೆಗೆದ್ವಿ. ಕನ್ನಡದಲ್ಲಿ ಬರೀರಿ, ಬರೆಯೋಕೆ ಬೇಜಾರಾದ್ರೆ ಮಾತಾಡಿ ರೆಕಾರ್ಡ್ ಮಾಡಿ ಹಾಕಿ ಅಂದ್ವಿ.

ಇನ್ನು ಮೂರು ಜನರ ಟ್ರಯಾಜ್ ತಂಡ. ಅಂದ್ರೆ ಬಂದ ವರದಿಗಳನ್ನ ಜರಡಿ ಹಿಡಿಯೋರು. ಒಬ್ಬ ಟೆಸ್ಟರ್, ಒಬ್ಬ ಡೆವಲಪರ್, ಒಬ್ಬ ಪ್ರಾಡಕ್ಟ್ ಮ್ಯಾನೇಜರ್. ಬಂದ ವರದಿಗಳ ಶೀರ್ಷಿಕೆ ದೊಡ್ಡ ಪರದೆ ಮೇಲೆ ಕಾಣ್ತಾ ಇರುತ್ತೆ. ಬೇರೆಯವರು ಬರೆದಾಗಿದೆ ಅಂತ ಗೊತ್ತಾದ್ರೆ ಜನ ಅದನ್ನ ಬಿಟ್ಟು ಮುಂದೆ ಹೋಗ್ತಾರೆ.

ನಿರೂಪಕಿ: ಡೆವಲಪರ್‌ಗಳು? ತಮ್ಮ ಕೋಡ್‌ನಲ್ಲಿ ಎಲ್ಲರೂ ತಪ್ಪು ಹುಡುಕೋವಾಗ ಅವರಿಗೆ ಕಷ್ಟ ಅಲ್ವಾ?

ಅತಿಥಿ: ಕಷ್ಟಾನೇ. ಅದಕ್ಕೆ ಮೂರು ನಿಯಮ ಇಟ್ವಿ. ತಾವು ಬರೆದದ್ದನ್ನ ತಾವು ಟೆಸ್ಟ್ ಮಾಡೋ ಹಾಗಿಲ್ಲ, ಬೇರೆ ಚೀಟಿ ಕೊಡ್ತೀವಿ. ಅವತ್ತೇ ಕೂತು ಸರಿಪಡಿಸೋ ಹಾಗಿಲ್ಲ. ‘ಅದು ಹಾಗೇ ಇರೋದು, ಬಗ್ ಅಲ್ಲ’ ಅಂತ ಯಾರ ಹತ್ರನೂ ವಾದ ಮಾಡೋ ಹಾಗಿಲ್ಲ, ಅದನ್ನ ಟ್ರಯಾಜ್ ನೋಡ್ಕೊಳ್ಳುತ್ತೆ.

ಮೂರನೇ ನಿಯಮ ಯಾಕೆ ಅಂತ ಒಂದು ಉದಾಹರಣೆ ಕೊಡ್ತೀನಿ. ಲೆಕ್ಕಪತ್ರ ವಿಭಾಗದ ಒಬ್ಬರು ಬರೆದ್ರು: ‘ಶುಕ್ರವಾರ ರಾತ್ರಿಯ ಬಸ್‌ಗೆ ಬದಲಾಯಿಸೋಕೆ ಹೋದೆ. 12:30ರ ಬಸ್ ಆರಿಸಿಕೊಂಡೆ. ಅದು ಗುರುವಾರ ರಾತ್ರಿಯೇ ಹೋಗಿಬಿಡುತ್ತೆ!’ ಕಂಪ್ಯೂಟರ್ ಲೆಕ್ಕದಲ್ಲಿ ಅದು ಸರಿ. ಗುರುವಾರ ಮಧ್ಯರಾತ್ರಿ ಕಳೆದ ಮೇಲೆ ಶುಕ್ರವಾರನೇ. ಆದ್ರೆ ಊಟ ಮಾಡಿ, ಬ್ಯಾಗ್ ತಗೊಂಡು ಶುಕ್ರವಾರ ರಾತ್ರಿ ಹೊರಡೋ ಮನುಷ್ಯನ ಲೆಕ್ಕದಲ್ಲಿ 12:30ರ ಬಸ್ ಶುಕ್ರವಾರ ರಾತ್ರಿಯದ್ದು. ಕೋಡ್‌ನಲ್ಲಿ ಒಂದಕ್ಷರ ತಪ್ಪಿಲ್ಲ, ಬಸ್ ಮಾತ್ರ ತಪ್ಪಿಹೋಗುತ್ತೆ. ಡೆವಲಪರ್ ಪಕ್ಕದಲ್ಲೇ ಕೂತು ‘ಅದು ಹಾಗೇ’ ಅಂದಿದ್ರೆ ಅವರು ಬರೀತಾನೇ ಇರ್ಲಿಲ್ಲ. ನಾವದನ್ನ ಗಂಭೀರ ತಪ್ಪು ಅಂತಲೇ ತಗೊಂಡ್ವಿ. ಈಗ ಅಂಥ ಬಸ್‌ಗಳ ಮುಂದೆ ‘ಗುರುವಾರ ರಾತ್ರಿ ಕಳೆದು, 12:30ಕ್ಕೆ’ ಅಂತ ಬರುತ್ತೆ. ಇಡೀ ಕಂಪನಿಯನ್ನ ಯಾಕೆ ಕೂರಿಸ್ತೀವಿ ಅಂದ್ರೆ ಇಂಥದ್ದಕ್ಕೇ. ಟೆಸ್ಟರ್‌ಗೆ ಇದು ಕಾಣಲ್ಲ, ನಾವು ಅದನ್ನ ದಿನಾ ನೋಡಿ ಒಗ್ಗಿಹೋಗಿರ್ತೀವಿ.

ಅಂಕ: ಏನಕ್ಕೆ ಕೊಡ್ತೀರೋ ಅದೇ ಸಿಗುತ್ತೆ

ನಿರೂಪಕಿ: ಅಂಕದ ವಿಷಯಕ್ಕೆ ಬರೋಣ. ಒಂದು ವರದಿಗೆ ಒಂದು ಅಂಕ ಅನ್ನೋದ್ರಲ್ಲಿ ತಪ್ಪೇನು?

ಅತಿಥಿ: ಮೊದಲ ಸಲ ಹೆಡ್‌ಫೋನ್ ಗೆದ್ದವರು 40 ವರದಿ ಹಾಕಿದ್ರು. ಎಲ್ಲವೂ ಕಾಗುಣಿತ, ಅಕ್ಷರದ ಗಾತ್ರ, ಗುಂಡಿಗಳ ನಡುವಿನ ಜಾಗ. ಅವರ ತಪ್ಪಲ್ಲ ಅದು, ನಾವು ಎಣಿಕೆಗೆ ಬೆಲೆ ಕೊಟ್ವಿ, ಅವರು ಎಣಿಕೆ ಕೊಟ್ರು. ರೀಫಂಡ್ ಲೆಕ್ಕ ಹಾಕ್ತಾ ಇಪ್ಪತ್ತು ನಿಮಿಷ ಕೂತ ಆ ಹುಡುಗಿಗೂ ಒಂದೇ ಅಂಕ. ಹಾಗಿದ್ದ ಮೇಲೆ ಯಾರು ಕೂತು ಲೆಕ್ಕ ಹಾಕ್ತಾರೆ? ಇನ್ನೊಂದು, ಆ 312ರ ರಾಶಿಯಲ್ಲಿ ಆಕೆಯ ಒಂದು ಸಾಲು ಮುಳುಗಿಹೋಯ್ತು. ಡೆವಲಪರ್ ಅದನ್ನ ಎರಡು ನಿಮಿಷದಲ್ಲಿ ಕ್ಲೋಸ್ ಮಾಡಿದ್ದು ಸೋಮಾರಿತನದಿಂದ ಅಲ್ಲ, ಅವನ ಮುಂದೆ ಇನ್ನೂ ನೂರು ಇದ್ವು.

ಈಗ ಹೀಗೆ ಮಾಡ್ತೀವಿ. ದುಡ್ಡಿನ ಲೆಕ್ಕ ತಪ್ಪಿದ್ರೆ ಅಥವಾ ಪ್ರಯಾಣ ತಪ್ಪೋ ಹಾಗಿದ್ರೆ 10 ಅಂಕ. ಕೆಲಸ ಆಗುತ್ತೆ, ಆದ್ರೆ ಸುತ್ತಿ ಬಳಸಿ ಮಾಡ್ಬೇಕು ಅಂದ್ರೆ 3. ನೋಡೋಕೆ ಚೆನ್ನಾಗಿಲ್ಲ, ಅಕ್ಷರ ತಪ್ಪು ಅಂದ್ರೆ 1. ಬೇರೆಯವರು ಹೇಳಿದ ಹಾಗೇ ಮಾಡಿದಾಗ ಆ ತಪ್ಪು ಮತ್ತೆ ಕಾಣೋ ಹಾಗೆ ವರದಿ ಬರೆದಿದ್ರೆ ಮೇಲೆ ಇನ್ನೊಂದು 2. ಮೊದಲು ಬರೆದವರಿಗೆ ಪೂರ್ತಿ ಅಂಕ, ಅದನ್ನೇ ಮತ್ತೆ ಬರೆದವರಿಗೆ ಸೊನ್ನೆ. ಆದ್ರೆ ಎರಡನೆಯವರು ‘ಇದು ಕೂಪನ್ ಇದ್ದಾಗ ಮಾತ್ರ ಆಗುತ್ತೆ’ ಅಂತ ಹೊಸ ಸುಳಿವು ಕೊಟ್ರೆ ಅವರಿಗೂ 2.

ಗಮನಿಸಿ, ತಪ್ಪು ವರದಿಗೆ ಮೈನಸ್ ಅಂಕ ಇಲ್ಲ. ಒಮ್ಮೆ ಯೋಚನೆ ಮಾಡಿದ್ವಿ, ಬಿಟ್ವಿ. ಮೈನಸ್ ಇಟ್ಟ ತಕ್ಷಣ ‘ನನಗೆ ಗೊತ್ತಿಲ್ಲದೆ ಏನಾದ್ರೂ ಬರೆದುಬಿಟ್ರೆ?’ ಅಂತ ಹಿಂಜರಿಯೋರು ಸಪೋರ್ಟ್‌ನವರು, ಲೆಕ್ಕಪತ್ರದವರು. ನಮಗೆ ಬೇಕಾಗಿರೋದೇ ಅವರು.

ನಿರೂಪಕಿ: ಯಾವುದು 10, ಯಾವುದು 3 ಅಂತ ಯಾರು ಹೇಳ್ತಾರೆ?

ಅತಿಥಿ: ಟ್ರಯಾಜ್ ತಂಡ ಮಾತ್ರ. ಬರೆದವರು ತಮ್ಮದಕ್ಕೆ ತಾವೇ ಅಂಕ ಹಾಕ್ಕೊಂಡ್ರೆ ಎಲ್ಲವೂ 10 ಆಗಿರುತ್ತೆ. ಬಹುಮಾನ ಗುಂಪಿಗೆ, ಒಬ್ಬರಿಗಲ್ಲ. ಹಾಗಾಗಿ ಗುಂಪಿನೊಳಗೆ ಒಬ್ಬರಿಗೊಬ್ಬರು ಹೇಳ್ಕೊಡ್ತಾರೆ. ಬಹುಮಾನವೂ ಚಿಕ್ಕದು, ಒಂದು ಹೊತ್ತಿನ ಊಟ. ಇನ್ನೊಂದು ಮಾತನ್ನ ನಮ್ಮ ಎಂಡಿ ಕೈಲೇ ಎಲ್ಲರ ಮುಂದೆ ಹೇಳಿಸಿದ್ವಿ: ಯಾರ ಕೋಡ್‌ನಲ್ಲಿ ಎಷ್ಟು ತಪ್ಪು ಸಿಕ್ಕಿತು ಅನ್ನೋದನ್ನ ಎಣಿಸಲ್ಲ, ಅಪ್ರೈಸಲ್‌ಗೆ ತರಲ್ಲ. ಆ ಭಯ ಇದ್ರೆ ಟ್ರಯಾಜ್‌ನಲ್ಲಿ ಕೂತ ಡೆವಲಪರ್ ಪ್ರತಿ ವರದಿಗೂ ಜಗಳಕ್ಕೆ ನಿಲ್ತಾನೆ.

ಆಮೇಲೆ: ಉತ್ತರ ಸಿಗದ ವರದಿ ಇರಬಾರದು

ನಿರೂಪಕಿ: ಎರಡನೇ ಸಲ ಎಷ್ಟು ವರದಿ ಬಂತು?

ಅತಿಥಿ: 126. ಮೊದಲ ಸಲದ ಅರ್ಧವೂ ಇಲ್ಲ. ಅದರಲ್ಲಿ 41 ಪುನರಾವರ್ತನೆ, 22 ಬಗ್ ಅಲ್ಲದ್ದು ಅಥವಾ ವ್ಯಾಪ್ತಿಯ ಹೊರಗಿಂದು. ಉಳಿದ 63 ನಿಜವಾದ ತಪ್ಪುಗಳು. ಆ 63ರಲ್ಲಿ 10 ಅಂಕದ್ದು ಆರು.

ಎರಡು ಗಂಟೆಯ ಕೊನೇ ಅರ್ಧ ಗಂಟೆಯನ್ನ ಟ್ರಯಾಜ್‌ಗೆ ಅಂತಲೇ ಇಟ್ಟಿದ್ವಿ. ಮೊದಲ 15 ನಿಮಿಷ ವಿವರಣೆ, 75 ನಿಮಿಷ ಹುಡುಕಾಟ, 30 ನಿಮಿಷ ಎಲ್ಲರೂ ಕೂತಿರುವಾಗಲೇ ಗಂಭೀರ ಅನ್ನಿಸಿದ್ದನ್ನ ನೋಡೋದು. ಬರೆದವರು ಅಲ್ಲೇ ಇರ್ತಾರೆ, ‘ಬನ್ನಿ, ಒಂದ್ಸಲ ತೋರಿಸಿ’ ಅಂದ್ರೆ ಮುಗೀತು. ಮಿಕ್ಕಿದ್ದು ಮಾರನೇ ದಿನ ಸಂಜೆ ಒಳಗೆ. ಪ್ರತಿ ವರದಿಗೂ ನಾಲ್ಕರಲ್ಲಿ ಒಂದು ಉತ್ತರ ಬರಲೇಬೇಕು: ರಿಲೀಸ್‌ಗೆ ಮುಂಚೆ ಸರಿಪಡಿಸ್ತೀವಿ, ಆಮೇಲೆ ಸರಿಪಡಿಸ್ತೀವಿ, ಇಂಥವರು, ಇಂಥ ದಿನಾಂಕಕ್ಕೆ, ಸರಿಪಡಿಸಲ್ಲ, ಯಾಕಂದ್ರೆ ಹೀಗೆ, ಇದು ಈಗಾಗಲೇ ಇರೋ ಇನ್ನೊಂದರ ಜೊತೆ ಸೇರಿದೆ. ‘ಆಮೇಲೆ ನೋಡೋಣ’ ಅನ್ನೋ ಐದನೇ ಉತ್ತರ ಇಲ್ಲ.

‘ನನಗೆ ಹಾಗಾಗ್ತಿಲ್ಲ’ ಅನ್ನೋದೂ ಉತ್ತರ ಅಲ್ಲ. ಬರೆದವರ ಜೊತೆ ಮಾತಾಡದೆ ಹಾಗಂತ ಕ್ಲೋಸ್ ಮಾಡೋ ಹಾಗಿಲ್ಲ. ಈ ಒಂದು ನಿಯಮ ಮೊದಲ ಸಲ ಇದ್ದಿದ್ರೆ ನಮ್ಮ ಗ್ರಾಹಕರ ದುಡ್ಡು ಉಳೀತಿತ್ತು.

ನಿರೂಪಕಿ: ಸರಿಪಡಿಸಿದ ಮೇಲೆ?

ಅತಿಥಿ: ತಪ್ಪನ್ನ ಕಂಡವರೇ ಮತ್ತೆ ನೋಡಿ ‘ಸರಿಯಾಗಿದೆ’ ಅನ್ನಬೇಕು. ಆಮೇಲೇ ಕ್ಲೋಸ್. ಎರಡು ವಾರ ಆದ ಮೇಲೆ ಒಂದು ಗಂಟೆ ಕೂತು ಗಂಭೀರವಾದ ಆರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಿದ್ವಿ. ನಾಲ್ಕು ಒಂದೇ ಕಡೆಯಿಂದ ಬಂದಿದ್ವು, ಕೂಪನ್‌ನಿಂದ. ಹೊಸ ಸೌಲಭ್ಯ ಬರೆಯೋರು ಯಾರೂ ಕೂಪನ್ ಇರೋ ಬುಕಿಂಗ್ ಇಟ್ಟುಕೊಂಡು ನೋಡ್ತಾ ಇರ್ಲಿಲ್ಲ. ಹಾಗಾಗಿ ನಾಲ್ಕನ್ನ ಸರಿ ಮಾಡಿ ಕೈ ತೊಳೆದುಕೊಳ್ಳಲಿಲ್ಲ. ಕೂಪನ್ ಹಾಕಿದ ಬುಕಿಂಗ್‌ನ ರದ್ದು, ಬದಲಾವಣೆ ಲೆಕ್ಕವನ್ನ ಪ್ರತಿ ಬಿಲ್ಡ್‌ಗೂ ತಾನಾಗೇ ಪರೀಕ್ಷಿಸೋ ಟೆಸ್ಟ್‌ಗಳನ್ನ ಬರೆದ್ವಿ. ಇಲ್ಲದಿದ್ರೆ ಮುಂದಿನ ಬಗ್ ಬ್ಯಾಶ್‌ನಲ್ಲೂ ಅದೇ ತಪ್ಪಿಗೆ ಅದೇ 10 ಅಂಕ ಕೊಡ್ತಾ ಕೂರಬೇಕಾಗುತ್ತೆ.

ನಿರೂಪಕಿ: ಕೊನೆಯದಾಗಿ, ಬಗ್ ಬ್ಯಾಶ್ ಉಪಯೋಗ ಆಯ್ತಾ ಇಲ್ವಾ ಅಂತ ಹೇಗೆ ಗೊತ್ತಾಗುತ್ತೆ?

ಅತಿಥಿ: ಅವತ್ತಿನ ಎಣಿಕೆಯಿಂದ ಗೊತ್ತಾಗಲ್ಲ. ರಿಲೀಸ್ ಆದ ಮೊದಲ ತಿಂಗಳು ಗ್ರಾಹಕರಿಂದ ಬಂದ ದೂರುಗಳನ್ನ ತಗೊಳ್ಳಿ. ಅದರಲ್ಲಿ ನಮ್ಮ ಆ ಒಂದು ಪ್ರಶ್ನೆಯ ವ್ಯಾಪ್ತಿಗೆ ಬರೋದು ಎಷ್ಟು ಅಂತ ನೋಡಿ. ಅವು ಎರಡು ಥರ ಇರ್ತವೆ. ನಮಗೆ ಅವತ್ತು ಕಾಣದೇ ಹೋಗಿದ್ದು ಒಂದು. ಅದಕ್ಕೆ ಮುಂದಿನ ಸಲದ ಚೀಟಿಗಳನ್ನ ಬದಲಾಯಿಸ್ಬೇಕು. ಅವತ್ತೇ ಯಾರೋ ಬರೆದಿದ್ದು, ನಾವು ಬಿಟ್ಟಿದ್ದು ಇನ್ನೊಂದು. ಎರಡನೇ ಥರದ್ದು ಒಂದಿದ್ರೂ, ಆಮೇಲಿನ ಕೆಲಸದಲ್ಲಿ ಎಲ್ಲೋ ತೂತಿದೆ ಅಂತ ಅರ್ಥ.

ಬಗ್ ಬ್ಯಾಶ್‌ನಲ್ಲಿ ಸಿಗದೇ ಇರೋದೂ ಇದೆ. ಸಾವಿರಾರು ಜನ ಒಟ್ಟಿಗೆ ಬಂದಾಗ ಮಾತ್ರ ಆಗೋ ತಪ್ಪು, ತಿಂಗಳ ಕೊನೆಯ ಲೆಕ್ಕದಲ್ಲಿ ಮಾತ್ರ ಕಾಣೋ ತಪ್ಪು, ಇವು 75 ನಿಮಿಷದಲ್ಲಿ ಸಿಗಲ್ಲ. ದಿನನಿತ್ಯದ ಟೆಸ್ಟಿಂಗ್‌ಗೆ ಇದು ಬದಲಿ ಅಲ್ಲ.

ನಿರೂಪಕಿ: ಆ ಸಪೋರ್ಟ್ ಹುಡುಗಿ ಎರಡನೇ ಸಲ ಬಂದಿದ್ರಾ?

ಅತಿಥಿ: ಬಂದಿದ್ಲು. ನಾನೇ ಹೋಗಿ ಕರೆದೆ. ‘ಬರೆದ್ರೆ ಯಾರು ಓದ್ತಾರೆ ಮೇಡಂ’ ಅಂದ್ಲು ಮೊದಲು. ಅಜ್ಜಿ ಚೀಟಿ ಅವಳ ಗುಂಪಿಗೇ ಸಿಕ್ಕಿತು. ಆರು ಗಂಭೀರ ತಪ್ಪಲ್ಲಿ ಎರಡು ಅವಳ ಗುಂಪಿಂದು. ಒಂಬತ್ತನೇ ದಿನ ಅವಳೇ ಕೂತು ಎರಡನ್ನೂ ಮತ್ತೆ ಪರೀಕ್ಷೆ ಮಾಡಿದ್ಲು. ಒಂದಕ್ಕೆ ‘ಸರಿಯಾಗಿದೆ’ ಅಂತ ಬರೆದ್ಲು. ಇನ್ನೊಂದಕ್ಕೆ ‘ಇನ್ನೂ ಐದು ರೂಪಾಯಿ ಕಡಿಮೆ ಬರ್ತಿದೆ’ ಅಂತ ಬರೆದ್ಲು. ಹೌದು, ಬರ್ತಿತ್ತು. ಅದನ್ನೂ ಸರಿ ಮಾಡಿದ ಮೇಲೇನೇ ರಿಲೀಸ್ ಆಗಿದ್ದು.